ಬ್ರಾಕೆಟ್ ಹಾಕಿದ್ದು ಯಾರ ನಂಬಿಕೆಗೆ?

"ಸರ್, ನಮಸ್ಕಾರ. ನಾನು ಎಂ.ಎ. ವಿದ್ಯಾರ್ಥಿ. ನಮ್ಮೂರಿನ ಪಂಜುರ್ಲಿ ದೈವದ ನೇಮದ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. ತತ್ವಜ್ಞಾನಿ ಹುಸೆರ್ಲ್ ಹೇಳಿದ ಹಾಗೆ ನಂಬಿಕೆಯನ್ನು ಬ್ರಾಕೆಟ್‌ನಲ್ಲಿಟ್ಟು ಬರೆದಿದ್ದೇನೆ. ಪ್ರಕಟಿಸಬಹುದಾ? ತಪ್ಪಿದ್ದರೆ ನೇರವಾಗಿ ಹೇಳಿ."

ನೇರವಾಗಿಯೇ ಹೇಳುತ್ತೇನೆ. ಈಗಿನ ರೂಪದಲ್ಲಿ ಹಾಕಲು ಆಗುವುದಿಲ್ಲ. ಊರವರ ನಂಬಿಕೆಗೆ ಬ್ರಾಕೆಟ್ ಹಾಕಿದ್ದೀರಿ, ನಿಮ್ಮ ಅಪನಂಬಿಕೆಯನ್ನು ಹೊರಗೇ ಬಿಟ್ಟಿದ್ದೀರಿ. ನಿಮ್ಮದೇ ವಾಕ್ಯ ನೋಡಿ: "ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಕಲಾವಿದ ಉದ್ವೇಗಕ್ಕೆ ಒಳಗಾಗುತ್ತಾನೆ, ದೈವ ಬಂತೆಂದು ಜನ ಭಾವಿಸಿಕೊಳ್ಳುತ್ತಾರೆ." ಇದು ವರ್ಣನೆ ಅಲ್ಲ, ತೀರ್ಪು. ದೈವ ಬಂದಿಲ್ಲ ಎಂದು ಮೊದಲೇ ತೀರ್ಮಾನಿಸಿದವರಿಗೆ ಮಾತ್ರ "ಉದ್ವೇಗ" ಎಂಬ ಕಾರಣ ಬೇಕಾಗುತ್ತದೆ.

1913ರಲ್ಲಿ ಈ ವಿಧಾನವನ್ನು ವಿವರಿಸುವಾಗಲೇ ಹುಸೆರ್ಲ್ ಎಚ್ಚರಿಸಿದ್ದರು: ಇದು ಜಗತ್ತನ್ನು ಅಲ್ಲಗಳೆಯುವುದಲ್ಲ, ಅನುಮಾನಿಸುವುದೂ ಅಲ್ಲ. ಇದೆಯೋ ಇಲ್ಲವೋ ಎಂಬ ತೀರ್ಮಾನವನ್ನು ಬಳಸದೆ ಬದಿಗಿಡುವುದು, ಅಷ್ಟೇ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ನಂಬದೆ ಇರುವುದನ್ನೇ ತಟಸ್ಥವಾಗಿರುವುದು ಅಂದುಕೊಳ್ಳುತ್ತಾರೆ. ಬದಿಗಿಡುವ ಕೆಲಸ ಭಕ್ತನಿಗೆ ಎಷ್ಟು ಕಷ್ಟವೋ ವಿಚಾರವಾದಿಗೂ ಅಷ್ಟೇ ಕಷ್ಟ.

ಹಾಗಂತ "ಗಗ್ಗರ ಕಟ್ಟಿದೊಡನೆ ಪಂಜುರ್ಲಿ ಅವರ ಮೈ ಸೇರಿತು" ಎಂದು ತಿದ್ದಿ ಕಳಿಸಬೇಡಿ. ಅದೂ ತೀರ್ಪೇ, ಇನ್ನೊಂದು ಕಡೆಯದು. ಪ್ರತಿ ವಾಕ್ಯಕ್ಕೂ "ಎಂದು ನಂಬಲಾಗಿದೆ" ಅಂಟಿಸುವ ಉಪಾಯವೂ ಬೇಡ. ಎಂಟು ಪುಟದಲ್ಲಿ ಆ ಮಾತು ಎಷ್ಟು ಸಲ ಬಂದಿದೆ ನೋಡಿ. ಓದುವವರಿಗೆ ಅದು ವಿನಯದಂತೆ ಕಾಣುವುದಿಲ್ಲ, ಕಣ್ಣು ಮಿಟುಕಿಸಿದಂತೆ ಕಾಣುತ್ತದೆ.

ಮತ್ತೆ ಹೇಗೆ ಬರೆಯುವುದು? ಗಗ್ಗರ ಕಟ್ಟುವ ಆ ಹೊತ್ತನ್ನೇ ತೆಗೆದುಕೊಳ್ಳಿ. ನಿಮ್ಮ ಟಿಪ್ಪಣಿಯಲ್ಲಿ ಎಲ್ಲವೂ ಇದೆ, ಲೇಖನಕ್ಕೆ ಮಾತ್ರ ಬಂದಿಲ್ಲ. ಎಣ್ಣೆ ಬೂಳ್ಯ, ಅಂದರೆ ಎಣ್ಣೆ ವೀಳ್ಯ, ತೆಗೆದುಕೊಂಡು ಬಣ್ಣ ಹಚ್ಚಿಕೊಳ್ಳುವಾಗ ಊರವರು ಕಲಾವಿದರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಅವರ ಮನೆಯವರು ತೆಂಬರೆ ವಾದ್ಯ ಬಡಿದು ದೈವದ ಕಥೆಯ ಪಾಡ್ದನ ಹೇಳುತ್ತಿದ್ದರು. ಗಗ್ಗರ ಕಾಲಿಗೇರಿ ಮೈ ನಡುಗಿದ ಮೇಲೆ ಯಾರೂ ಆ ಹೆಸರು ಎತ್ತಲಿಲ್ಲ. ಕೂತವರು ಎದ್ದರು. ಗುತ್ತಿನ ಮನೆಯ ಯಜಮಾನರು ಕೈ ಮುಗಿದು ನಿಂತರು. ದೈವ ಕೇಳಿತು, ಯಜಮಾನರು ದೈವಕ್ಕೆ ಉತ್ತರ ಕೊಟ್ಟರು. ಇಲ್ಲಿ "ದೈವ ಕೇಳಿತು" ಎಂದು ಬರೆದರೆ ನೀವು ಸಾಕ್ಷಿ ಹೇಳಿದ ಹಾಗಾಗುವುದಿಲ್ಲ. ಅಲ್ಲಿದ್ದವರಿಗೆ ಎದುರಿಗಿದ್ದದ್ದು ದೈವ. ಯಾರನ್ನು ಹೇಗೆ ಕರೆದರು, ಎಷ್ಟು ದೂರ ನಿಂತರು, ದನಿ ಹೇಗೆ ಬದಲಾಯಿತು ಎಂಬುದರಲ್ಲೇ ಆ ಇರುವಿಕೆ ಕಾಣುತ್ತದೆ. ಬ್ರಾಕೆಟ್‌ ಒಳಗಿನದು ಅಳಿಸಿಹೋಗುವುದಿಲ್ಲ, ನೋಡಲೆಂದೇ ಅದನ್ನು ಒಳಗಿಟ್ಟಿರುವುದು.

ನಿಮ್ಮ ಲೇಖನದ ನಿಜವಾದ ಚಿನ್ನ ಅಡಿಟಿಪ್ಪಣಿಯಲ್ಲಿ ಹೂತುಹೋಗಿದೆ. "ಈ ಸಲ ದರ್ಶನ ಅಷ್ಟು ಸರಿ ಬರಲಿಲ್ಲ" ಎಂದು ಒಬ್ಬ ಹಿರಿಯರು ಗೊಣಗಿದರಂತೆ. ಅದನ್ನು ನಂಬಿಕೆ ಸಡಿಲವಾದ ಗುರುತು ಅಂತ ತಳ್ಳಿಬಿಟ್ಟಿದ್ದೀರಿ. ಉಲ್ಟಾ ಅಲ್ವಾ? ದೈವ ಬರುವುದಕ್ಕೂ ಬಾರದಿರುವುದಕ್ಕೂ ವ್ಯತ್ಯಾಸ ಗೊತ್ತಿರುವವರು ಮಾತ್ರ ಹಾಗೆ ಗೊಣಗಬಲ್ಲರು. ಅವರು ಏನು ನೋಡಿ ಹಾಗೆ ಹೇಳಿದರು? ನಡುಕವೋ, ನುಡಿಯ ಗತ್ತೋ, ಕೊಟ್ಟ ಉತ್ತರವೋ? ಹೋಗಿ ಕೇಳಿ. ಅನುಭವದ ಒಳಗಿನ ಅಳತೆಗೋಲು ಅಲ್ಲಿ ಸಿಗುತ್ತದೆ.

ಇನ್ನೊಂದು ತಪ್ಪು ನನಗೆ ಜಾಸ್ತಿ ಕಿರಿಕಿರಿ ಮಾಡಿತು. "ಬ್ರಾಕೆಟ್ ಹಾಕಿರುವುದರಿಂದ ಜಾತಿಯ ವಿಷಯ ಇಲ್ಲಿ ಚರ್ಚಿಸುವುದಿಲ್ಲ" ಎಂದಿದ್ದೀರಿ. ಬದಿಗಿಟ್ಟದ್ದು ದೈವ ಇದೆಯೇ ಎಂಬ ಪ್ರಶ್ನೆಯನ್ನು, ಕಣ್ಣಿಗೆ ಕಂಡದ್ದನ್ನಲ್ಲ. ದೈವದ ಕೋಲ ಕಟ್ಟುವವರು ಪಂಬದ, ಪರವ, ನಲಿಕೆ ಜಾತಿಯವರು. ಆ ರಾತ್ರಿ ಯಜಮಾನರು ಯಾರೆದುರು ಕೈ ಮುಗಿಯುತ್ತಾರೋ ಅವರು ಬಣ್ಣ ತೊಳೆದ ಮೇಲೆ ಎಲ್ಲಿ ಕೂರುತ್ತಾರೆ, ಎಲ್ಲಿ ಉಣ್ಣುತ್ತಾರೆ? ಅದನ್ನು ಬಿಟ್ಟರೆ ಕೈ ಮುಗಿದದ್ದರ ತೂಕವೂ ತಿಳಿಯುವುದಿಲ್ಲ.

ಪೂರ್ತಿ ಬದಿಗಿಡಲು ಯಾರಿಗೂ ಆಗುವುದಿಲ್ಲ ಎಂಬುದೂ ನಿಜ. ಫ್ರೆಂಚ್ ತತ್ವಜ್ಞಾನಿ ಮೆರ್ಲೋ-ಪಾಂಟಿ 1945ರಲ್ಲೇ ಅದನ್ನು ಒಪ್ಪಿಕೊಂಡಿದ್ದರು. ಈ ವಿಧಾನವನ್ನು ಧರ್ಮದ ಅಧ್ಯಯನದಲ್ಲಿ ಬಳಸಿದ ವಾನ್ ಡೆರ್ ಲೇವ್ ಸ್ವತಃ ಕ್ರೈಸ್ತ ಪಾದ್ರಿ. ಅವರ ಬರಹದಲ್ಲಿ ದೇವತಾಶಾಸ್ತ್ರ ನುಸುಳಿದೆ ಎಂಬ ಟೀಕೆ ಇಂದಿಗೂ ಇದೆ. ಹಾಗಾಗಿ ನೀವು ಆ ಊರಿನವರೇ, ಈಗ ನಂಬುವುದಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಒಂದೇ ವಾಕ್ಯ ಸಾಕು, ಆತ್ಮಕಥೆ ಬೇಡ.

ಮೊದಲ ಎರಡು ಪುಟದ ಹುಸೆರ್ಲ್ ಪರಿಚಯ ಪೂರ್ತಿ ತೆಗೆಯಿರಿ. ದೈವದ ನುಡಿಯ ಭಾಗವನ್ನು ತುಳುವಿನಲ್ಲೇ ಕೊಟ್ಟು ಕೆಳಗೆ ಕನ್ನಡ ಬರೆಯಿರಿ. ಆ ಹಿರಿಯರ ಹತ್ತಿರ ಮಾತಾಡಿದ ಮೇಲೆ ಮತ್ತೆ ಕಳಿಸಿ.