ನಿಶ್ಚಿತಾರ್ಥದ ಫೋಟೋದಲ್ಲಿ ಹಲ್ಲಿನ ಕ್ಲಿಪ್ ತೆಗೆಸಬಹುದಾ?

ಪ್ರಶ್ನೆ: "ತಂಗಿಯ ನಿಶ್ಚಿತಾರ್ಥದ ಫೋಟೋದಲ್ಲಿ ಹಲ್ಲಿನ ಕ್ಲಿಪ್ ಎದ್ದು ಕಾಣ್ತಿದೆ. ಮುಂದಿನ ಒಂದು ಹಲ್ಲಿನ ತುದಿ ಒಡೆದಿದೆ. ಅಮ್ಮ ಹಲ್ಲಿನ ಮಧ್ಯದ ಸಂದನ್ನೂ ಮುಚ್ಚಿಸು ಅಂತಿದ್ದಾರೆ. ಎಷ್ಟು ಮಾಡಿಸಿದರೆ ಸರಿ?"

ನಾನು ಮಲ್ಲೇಶ್ವರದ ಒಂದು ಸಣ್ಣ ಸ್ಟುಡಿಯೋದಲ್ಲಿ ಮದುವೆ ಆಲ್ಬಂಗಳ ರೀಟಚ್ ಮಾಡುತ್ತೇನೆ. ನನ್ನ ಲೆಕ್ಕ ಹೀಗಿದೆ: ಕ್ಲಿಪ್ ಧಾರಾಳವಾಗಿ ತೆಗೆಸಿ. ಒಡೆದ ತುದಿ ತಂಗಿಗೆ ಬೇಡವಾದರೆ ತೆಗೆಸಿ. ಸಂದನ್ನು ಮಾತ್ರ ಅಮ್ಮನ ಮಾತು ಕೇಳಿ ಮುಟ್ಟಬೇಡಿ, ತಂಗಿಯೇ ಹೇಳಬೇಕು.

ಕ್ಲಿಪ್ ಹೇಗಿದ್ದರೂ ಒಂದು ದಿನ ಬಿಚ್ಚುವಂಥದ್ದು. ಆದರೆ ಮೂರರಲ್ಲಿ ಕೈ ನೋಯಿಸುವ ಕೆಲಸ ಅದೇ. ಪ್ರತಿ ಹಲ್ಲಿನ ಮೇಲೂ ಒಂದು ಲೋಹದ ಬಿಲ್ಲೆ, ಅವುಗಳನ್ನು ಪೋಣಿಸಿದ ತಂತಿ. ಬಿಲ್ಲೆಯ ಮೇಲೆ, ಕೆಳಗೆ ಕಾಣುವ ಒಂಚೂರು ಹಲ್ಲೇ ನಮ್ಮ ಬಂಡವಾಳ. ಫೋಟೋಶಾಪ್‌ನಲ್ಲಿ ಖಾಲಿ ಲೇಯರ್ ಒಂದನ್ನು ಹಾಕಿ, Clone Stamp ಹಿಡಿದು, Sample ಅನ್ನು Current & Below ಇಟ್ಟು, ಆ ಹಲ್ಲಿನ ಬಣ್ಣವನ್ನು ಅದೇ ಹಲ್ಲಿಂದ ತೆಗೆದು ಬಿಲ್ಲೆಯ ಮೇಲೆ ಹಚ್ಚಬೇಕು. ಪಕ್ಕದ ಹಲ್ಲಿಂದ ತೆಗೆದರೆ ಹೊಂದುವುದಿಲ್ಲ. ಕೋರೆ ಹಲ್ಲು ಮುಂದಿನ ಹಲ್ಲಿಗಿಂತ ಹಳದಿ ಇರುತ್ತದೆ, ಒಳಗೆ ಹೋದಷ್ಟೂ ಹಲ್ಲು ಕಪ್ಪಾಗುತ್ತಾ ಹೋಗುತ್ತದೆ. ಒಸಡಿನ ಹತ್ತಿರ Healing Brush ಬೇಡವೇ ಬೇಡ. ಅದು ಸುತ್ತಲಿನ ಬಣ್ಣ ಬೆರೆಸುತ್ತದೆ, ಒಸಡಿನ ಕೆಂಪು ಹಲ್ಲಿಗೆ ಇಳಿಯುತ್ತದೆ.

ಹೆಚ್ಚಿನವರು ಎಡವುವುದು ಎರಡು ಕಡೆ. ತಂತಿ ಅಳಿಸುವಾಗ ಹಲ್ಲು ಹಲ್ಲಿನ ನಡುವಿನ ಕಪ್ಪು ಗೆರೆಯೂ ಅಳಿಸಿ ಹೋಗುತ್ತದೆ. ಆಗ ಬಾಯಲ್ಲಿ ಕೊಬ್ಬರಿ ಹೋಳು ಇಟ್ಟ ಹಾಗೆ ಕಾಣುತ್ತದೆ. ಇನ್ನೊಂದು, ಲೋಹ ಹೋಗಿರುತ್ತದೆ, ಅದರ ನೆರಳು ಉಳಿದಿರುತ್ತದೆ. ನೋಡಿದವರಿಗೆ ಹಲ್ಲುಜ್ಜಿಲ್ಲ ಅನ್ನಿಸುತ್ತದೆ, ಪಾಪ. ಕೆಲಸ ಮುಗಿದ ಮೇಲೆ ಝೂಮ್ ಕಡಿಮೆ ಮಾಡಿ, ಇಡೀ ಮುಖ ನೋಡಿ. ಕಣ್ಣು ಮೊದಲು ಹಲ್ಲಿಗೇ ಹೋದರೆ ಏನೋ ಜಾಸ್ತಿ ಆಗಿದೆ ಅಂತಲೇ ಅರ್ಥ.

ಒಡೆದ ತುದಿ ಸುಲಭ. ಮುಂದಿನ ಎರಡು ದೊಡ್ಡ ಹಲ್ಲು ಒಂದಕ್ಕೊಂದು ಕನ್ನಡಿ ಅಲ್ವಾ? ಸರಿಯಿರುವುದನ್ನು ಲ್ಯಾಸೋದಿಂದ ಸುತ್ತಿ Ctrl+J, ಆಮೇಲೆ Flip Horizontal. ಮಾಸ್ಕ್ ಹಾಕಿ ಒಡೆದಷ್ಟು ಭಾಗ ಮಾತ್ರ ಉಳಿಸಿ. ಇಡೀ ಹಲ್ಲು ತಂದು ಕೂರಿಸಿದರೆ ಫ್ಲ್ಯಾಶಿನ ಹೊಳಪು ತಪ್ಪು ಬದಿಗೆ ಬಂದು ಸಿಕ್ಕಿಬೀಳುತ್ತೀರಿ. ತುದಿಯನ್ನು ಬೆಳ್ಳಗೆ ಮಾಡಲೂ ಹೋಗಬೇಡಿ. ನಿಜವಾದ ಹಲ್ಲಿನ ತುದಿ ಸ್ವಲ್ಪ ಬೂದು, ಗಾಜಿನ ಹಾಗೆ ಇರುತ್ತದೆ. ಮದುವೆಯೊಳಗೆ ಡೆಂಟಿಸ್ಟ್ ಹತ್ತಿರ ಅದನ್ನು ತುಂಬಿಸುವ ಯೋಚನೆ ಇದೆಯಾ ಅಂತ ತಂಗಿಯನ್ನು ಕೇಳಿ. ಇಲ್ಲದಿದ್ದರೆ ನಿಶ್ಚಿತಾರ್ಥದಲ್ಲಿ ಪೂರ್ತಿ ಇದ್ದ ಹಲ್ಲು ಮದುವೆ ಆಲ್ಬಂನಲ್ಲಿ ಒಡೆದಿರುತ್ತದೆ!

ಸಂದಿನ ವಿಷಯಕ್ಕೆ ಬರೋಣ. ಒಮ್ಮೆ ರಾಜಾಜಿನಗರದ ಒಬ್ಬ ಅಮ್ಮ ಮಗಳ ಫೋಟೋ ತಂದು, "ಸುಮ್ನೆ ಸಂದು ಮುಚ್ಚಿಬಿಡಿ" ಅಂದರು. ಎರಡು ಹಲ್ಲನ್ನೂ ಒಂದೊಂದು ಎಳೆ ಅಗಲ ಮಾಡಿ ಮುಚ್ಚಿಬಿಟ್ಟೆ, ಹತ್ತು ನಿಮಿಷದ ಕೆಲಸ. ದೊಡ್ಡ ಕ್ಯಾನ್ವಾಸ್ ಪ್ರಿಂಟೂ ಆಯಿತು. ಮಗಳು ಬಂದು ನೋಡಿದವಳೇ, "ಅಂಕಲ್, ಇದು ನಮ್ಮ ಚಿಕ್ಕಮ್ಮನ ಮಗಳ ಥರ ಇದೆ" ಅಂದಳು. ಅದೇ ಆಲ್ಬಂನಲ್ಲಿ ಅವಳ ಪಕ್ಕ ನಿಂತ ಅಪ್ಪ, ಕುರ್ಚಿಯಲ್ಲಿದ್ದ ಅಜ್ಜಿ ಇಬ್ಬರಿಗೂ ಅಂಥದ್ದೇ ಸಂದು! ನಾನು ಗಮನಿಸಿಯೇ ಇರಲಿಲ್ಲ. ಲೇಯರ್ ಬೇರೆ ಇಟ್ಟಿದ್ದಕ್ಕೆ ಸಂದು ವಾಪಸ್ ಬಂತು. ಎರಡನೇ ಪ್ರಿಂಟಿನ ಖರ್ಚು ನನ್ನ ತಲೆಗೆ.

ನಿಮ್ಮ ತಂಗಿಗೆ ಈ ಕ್ಲಿಪ್ ಹಾಕಿದ್ದೇ ಸಂದು ಮುಚ್ಚುವುದಕ್ಕೆ ಅಂತಾದರೆ ಮಾತು ಬೇರೆ. ಆಗ ಫೋಟೋ ಸ್ವಲ್ಪ ಮುಂಚೆ ಹೋಗಿದೆ, ಅಷ್ಟೇ. ಆಗಲೂ ಅವಳನ್ನು ಕೇಳಿಯೇ ಮಾಡಿಸಿ. ವರನ ಕಡೆಗೆ ತೋರಿಸುವ ಫೋಟೋ ಆಗಿದ್ದರೆ ನಾನು ಕ್ಲಿಪ್ಪನ್ನೂ ಬಿಡಿ ಅನ್ನುತ್ತಿದ್ದೆ, ಅವರು ಮನೆಗೆ ಬಂದಾಗ ಬಾಗಿಲು ತೆಗೆಯುವವಳು ಕ್ಲಿಪ್ ಹಾಕಿದವಳೇ ತಾನೇ. ಪಾಸ್‌ಪೋರ್ಟ್, ವೀಸಾ ಫೋಟೋಗಳಿಗೆ ಇದ್ಯಾವುದೂ ನಡೆಯುವುದಿಲ್ಲ.

ಇನ್ನೊಂದು ಮಾತು. ಎಲ್ಲ ಫೋಟೋಗೂ ಮಾಡಿಸಬೇಡಿ, ವಿಡಿಯೋದಲ್ಲಿ ಕ್ಲಿಪ್ ಹೇಗೂ ಇರುತ್ತದೆ. ಗೋಡೆಗೆ ಹಾಕುವ ನಾಲ್ಕೈದು ಕ್ಲೋಸಪ್ ಸಾಕು. ಗುಂಪಿನ ಫೋಟೋದಲ್ಲಿ ಲೋಹದ ಮಿಂಚು ತಗ್ಗಿಸಿದರೆ ಮುಗಿಯಿತು. ಸ್ಟುಡಿಯೋಗೆ ವಾಟ್ಸಾಪ್‌ನಲ್ಲಿ ಬಂದ ಫೋಟೋ ಮಾತ್ರ ಕೊಡಬೇಡಿ. ಅದು ಕುಗ್ಗಿರುತ್ತದೆ, ಬಿಲ್ಲೆ ಯಾವುದು ಹಲ್ಲು ಯಾವುದು ಅಂತ ನಮಗೇ ಗೊತ್ತಾಗುವುದಿಲ್ಲ. ಫೋಟೋಗ್ರಾಫರ್ ಹತ್ತಿರ ಒರಿಜಿನಲ್ ಫೈಲ್ ಕೇಳಿ, ಪೆನ್‌ಡ್ರೈವ್‌ನಲ್ಲಿ ತನ್ನಿ.