ಫಾರ್ಮ್ ತುಂಬುವುದಕ್ಕಿಂತ ಮೊದಲಿನ ಕೆಲಸ

ಪ್ರಶ್ನೆ: ಕುಂಬಳೆಯ ಹತ್ತಿರ ನಮ್ಮದೊಂದು ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ, ಅಡಿಕೆ ವ್ಯಾಪಾರ. ಹೊಸ ಷೇರು ಕೊಟ್ಟು ಬಂಡವಾಳ ಹೆಚ್ಚಿಸಬೇಕೆಂದಿದ್ದೇವೆ. ಕಂಪನಿ ಸೆಕ್ರೆಟರಿಯ ಸಹಾಯ ತೆಗೆದುಕೊಳ್ಳಿ ಎಂದು ಆಡಿಟರ್ ಹೇಳುತ್ತಾರೆ. ಫಾರ್ಮ್ ಅಪ್‌ಲೋಡ್ ಮಾಡುವುದು ಬಿಟ್ಟರೆ ಅವರಿಗೆ ಬೇರೆ ಏನು ಕೆಲಸ?

ಉತ್ತರ: ಕಾಸರಗೋಡಿನಲ್ಲಿ ಕುಳಿತು ಇಂಥ ಕಂಪನಿಗಳ ಕಡತಗಳನ್ನೇ ನೋಡುತ್ತಿರುವ ಕಂಪನಿ ಸೆಕ್ರೆಟರಿ ನಾನು. ಪಾವತಿಯಾದ ಬಂಡವಾಳ 10 ಕೋಟಿ ರೂಪಾಯಿ ಮುಟ್ಟದ ಖಾಸಗಿ ಕಂಪನಿ ಪೂರ್ಣಾವಧಿ ಸೆಕ್ರೆಟರಿಯನ್ನು ನೇಮಿಸಲೇಬೇಕೆಂಬ ಕಡ್ಡಾಯವಿಲ್ಲ. ನಿಮಗೆ ಹೊರಗಿನಿಂದ ವೃತ್ತಿ ನಡೆಸುವವರೊಬ್ಬರು ಸಾಕಾಗಬಹುದು. ಆದರೆ ಅವರನ್ನು ಫಾರ್ಮ್ ತುಂಬುವ ದಿನ ಕರೆದರೆ ಪ್ರಯೋಜನ ಕಡಿಮೆ. ಏಕೆಂದರೆ ಎರ್ನಾಕುಳಂನ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಫಾರ್ಮು, ಅದಕ್ಕೆ ಮೊದಲೇ ನಡೆದು ಮುಗಿದಿರಬೇಕಾದ ಸಂಗತಿಗಳ ವರದಿ ಮಾತ್ರ. ಆ ಸಂಗತಿಗಳೇ ನಡೆಯದೆ ವರದಿ ಹೋದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮೇಜಿಗೆ ಬಂದ ಒಂದು ಪ್ರಕರಣವನ್ನೇ ಹೇಳುತ್ತೇನೆ.

ಅದೂ ಅಡಿಕೆಯ ಕಂಪನಿಯೇ. ನೂರು ರೂಪಾಯಿ ಮುಖಬೆಲೆಯ 10,000 ಷೇರುಗಳಲ್ಲಿ ಅಣ್ಣನಿಗೆ 5,000, ದುಬೈಯಲ್ಲಿದ್ದ ತಮ್ಮನಿಗೆ 3,000, ತಂಗಿಗೆ 2,000. ನಿರ್ದೇಶಕರು ಇಬ್ಬರೇ, ಅಣ್ಣ ಮತ್ತು ತಮ್ಮ. ಗೋದಾಮಿಗೆ ಹಣ ಬೇಕಾಗಿ ಎರಡು ಷೇರಿಗೆ ಒಂದರಂತೆ 5,000 ಹೊಸ ಷೇರು ಕೊಡಲು ಅಣ್ಣ ನಿಶ್ಚಯಿಸಿದರು. ತಮ್ಮನಿಗೆ ಫೋನ್ ಮಾಡಿದಾಗ "ಆಯ್ತು, ನೀನೇ ನೋಡಿ ಮಾಡು" ಎಂಬ ಉತ್ತರ ಬಂತಂತೆ. ತಮ್ಮ ಹಣ ಕಳಿಸಲಿಲ್ಲ. ಅವರ ಪಾಲಿನ 1,500 ಷೇರುಗಳನ್ನೂ ಅಣ್ಣನೇ ತೆಗೆದುಕೊಂಡರು. ಜೂನ್ 20ರಂದು ಇಬ್ಬರು ನಿರ್ದೇಶಕರೂ ಹಾಜರಿದ್ದ ಸಭೆಯಲ್ಲಿ ಷೇರು ಹಂಚಿಕೆಯಾಯಿತೆಂದು ಯಾರೋ ಒಂದು ನಡಾವಳಿ ಟೈಪ್ ಮಾಡಿಕೊಟ್ಟರು, ಹಂಚಿಕೆಯನ್ನು ರಿಜಿಸ್ಟ್ರಾರರಿಗೆ ವರದಿ ಮಾಡುವ PAS-3 ಫಾರ್ಮ್ ಸಲ್ಲಿಕೆಯಾಯಿತು, ಪೋರ್ಟಲ್ ಅದನ್ನು ಸ್ವೀಕರಿಸಿತು. ಅಣ್ಣನ ಪಾಲು ಶೇ. 50ರಿಂದ 60ಕ್ಕೆ ಏರಿತು, ತಮ್ಮನದು 30ರಿಂದ 20ಕ್ಕೆ ಇಳಿಯಿತು. ಮೂರು ವರ್ಷಗಳ ಬಳಿಕ ಊರಿಗೆ ಬಂದ ತಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನನಗೆ ಯಾವಾಗ ಕೊಡುತ್ತೇನೆಂದು ಹೇಳಿದ್ದೀರಿ? ಕಾಗದ ತೋರಿಸಿ."

ತೋರಿಸಲು ಕಾಗದ ಇರಲಿಲ್ಲ. ಇದ್ದ ಕಾಗದಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಂಚಿಕೆ ಜೂನ್ 20ರದ್ದಾದರೆ ಷೇರು ಹಣ ಬ್ಯಾಂಕಿಗೆ ಜಮೆಯಾದದ್ದು ಜೂನ್ 27ಕ್ಕೆ. ಹಾಜರಿ ಪುಸ್ತಕದ ಆ ದಿನದ ಪುಟ ಖಾಲಿ. ತಮ್ಮನ ಪಾಸ್‌ಪೋರ್ಟಿನ ಮುದ್ರೆಗಳ ಪ್ರಕಾರ ಅವರು ಆ ತಿಂಗಳು ಪೂರ್ತಿ ದುಬೈಯಲ್ಲಿದ್ದರು. ಸದಸ್ಯರ ರಿಜಿಸ್ಟರ್ ಆದ MGT-1ರಲ್ಲಿ ಹೊಸ ನಮೂದೇ ಇರಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ದೋಷ ಕೋರಂನದ್ದು. ಖಾಸಗಿ ಕಂಪನಿಯ ಮಂಡಳಿ ಸಭೆಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಇಬ್ಬರೇ ನಿರ್ದೇಶಕರಿರುವಲ್ಲಿ ಒಬ್ಬರು ಇಲ್ಲವೆಂದರೆ ಕಾನೂನಿನ ಕಣ್ಣಿಗೆ ಅಲ್ಲಿ ಸಭೆಯೇ ನಡೆದಿಲ್ಲ. ವಿಡಿಯೋ ಮೂಲಕ ಭಾಗವಹಿಸಿದವರನ್ನು ಕೋರಂಗೆ ಲೆಕ್ಕ ಹಿಡಿಯಬಹುದು, ಬರಿಯ ಫೋನ್ ಮಾತನ್ನು ಹಿಡಿಯಲಾಗದು. ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆ ನಮ್ಮ ಕಡೆ ಅಪರೂಪವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅದೇ ಕೆಲಸವನ್ನು ಸೆಕ್ರೆಟರಿ ಹೇಗೆ ನಡೆಸುತ್ತಿದ್ದರು ನೋಡಿ. ಮೊದಲು ಮೆಮೊರಾಂಡಮ್ ತೆರೆದು ಅಧಿಕೃತ ಬಂಡವಾಳ ಎಷ್ಟಿದೆ ಎಂದು ನೋಡುತ್ತಾರೆ. ಆ ಕಂಪನಿಗೆ 15 ಲಕ್ಷ ಇತ್ತು, ಹಳೆಯ 10 ಲಕ್ಷಕ್ಕೆ ಹೊಸ 5 ಲಕ್ಷ ಸೇರಿಸಿದರೆ ಸರಿಯಾಗಿ ತುಂಬುತ್ತದೆ. ಒಂದು ಷೇರು ಹೆಚ್ಚಾದರೂ ಮೊದಲು ಸದಸ್ಯರ ಸಭೆ ಕರೆದು ಅದನ್ನು ಏರಿಸಬೇಕಾಗುತ್ತಿತ್ತು. ಜೂನ್ 3ಕ್ಕೆ ಮಂಡಳಿ ಸಭೆ ಎಂದಾದರೆ, ಕನಿಷ್ಠ ಏಳು ದಿನಗಳ ನೋಟಿಸು ಬೇಕಾದ್ದರಿಂದ ಮೇ 25ಕ್ಕೇ ಇಬ್ಬರಿಗೂ ಇಮೇಲ್ ಹೋಗುತ್ತದೆ, ಅದರಲ್ಲಿ ವಿಡಿಯೋ ಕೊಂಡಿಯೂ ಇರುತ್ತದೆ. ಸಭೆಯ ನಿರ್ಣಯದ ಮೇಲೆ ಜೂನ್ 5ಕ್ಕೆ ಮೂವರು ಸದಸ್ಯರಿಗೂ ಆಫರ್ ಪತ್ರ ಹೋಗುತ್ತದೆ: ಜೂನ್ 9ರಿಂದ 24ರವರೆಗೆ ಒಪ್ಪಿಗೆ ತಿಳಿಸಬಹುದು, ಬೇಡವಾದರೆ ಬೇರೊಬ್ಬರಿಗೆ ಬಿಟ್ಟುಕೊಡಬಹುದು. ಪತ್ರ ತಲುಪಿದ್ದಕ್ಕೆ ಪುರಾವೆ ಕಡತದಲ್ಲಿರಬೇಕು. ಅವಧಿ ಆರಂಭವಾಗುವುದಕ್ಕೆ ಮೂರು ದಿನ ಮೊದಲಾದರೂ ಪತ್ರ ಹೊರಟಿರಬೇಕು. ಸದಸ್ಯರಲ್ಲಿ ಶೇ. 90ರಷ್ಟು ಮಂದಿ ಬರೆದು ಒಪ್ಪಿದರೆ ಖಾಸಗಿ ಕಂಪನಿ ಈ ಅವಧಿಗಳನ್ನು ಮೊಟಕುಗೊಳಿಸಬಹುದು, ಆದರೆ ಮನೆಯಲ್ಲಿ ಒಬ್ಬರು ದೂರದಲ್ಲಿರುವಾಗ ಹಾಗೆ ಮಾಡುವುದನ್ನು ನಾನು ಮೆಚ್ಚುವುದಿಲ್ಲ.

24 ಕಳೆದರೂ ತಮ್ಮನ ಉತ್ತರ ಬರಲಿಲ್ಲ ಎಂದಿಟ್ಟುಕೊಳ್ಳಿ. ಆಗ ಆ 1,500 ಷೇರುಗಳನ್ನು ಯಾರಿಗೆ ಕೊಡಬೇಕೆಂದು ಮಂಡಳಿ ತೀರ್ಮಾನಿಸಬಹುದು, ಕಂಪನಿಗೂ ಸದಸ್ಯರಿಗೂ ಅನನುಕೂಲವಾಗದಂತೆ. ಹಣ ಬ್ಯಾಂಕಿನಲ್ಲಿ ಕಂಡ ಮೇಲೆ ಜೂನ್ 28ಕ್ಕೆ, ಪುನಃ ನೋಟಿಸು ಕೊಟ್ಟು, ಎರಡನೆಯ ಸಭೆ. ತಮ್ಮ ದುಬೈಯಿಂದ ಪರದೆಯಲ್ಲಿ ಕಾಣಿಸಿಕೊಂಡದ್ದೂ, ಯಾವ ಸ್ಥಳದಿಂದ ಭಾಗವಹಿಸಿದರೆಂಬುದೂ ನಡಾವಳಿಯಲ್ಲಿ ದಾಖಲಾಗುತ್ತದೆ. ಇಂಥ ಸಭೆಗಳಲ್ಲಿ ಇಂಗ್ಲಿಷ್ ನಿರ್ಣಯವನ್ನು ಓದಿದ ಮೇಲೆ ನಾನು ಅದರ ಸಾರವನ್ನು ಕನ್ನಡದಲ್ಲಿ ಒಮ್ಮೆ ಹೇಳುತ್ತೇನೆ. ಪ್ರಶ್ನೆಗಳು ಹೊರಬೀಳುವುದು ಆಗಲೇ.

ಹಂಚಿಕೆಯಾದ ಏಳು ದಿನಗಳೊಳಗೆ, ಅಂದರೆ ಜುಲೈ 5ರ ಒಳಗೆ, MGT-1ರಲ್ಲಿ ಅಣ್ಣನ ಪುಟಕ್ಕೆ 10,001ರಿಂದ 14,000ದವರೆಗಿನ ಷೇರು ಸಂಖ್ಯೆಗಳು, ತಂಗಿಯ ಪುಟಕ್ಕೆ 14,001ರಿಂದ 15,000ದವರೆಗಿನವು ಏರಬೇಕು. ನಡಾವಳಿಯ ಕರಡು ಹದಿನೈದು ದಿನಗಳಲ್ಲಿ ನಿರ್ದೇಶಕರಿಗೆ ತಲುಪಬೇಕು, ಏಳು ದಿನಗಳಲ್ಲಿ ಅವರು ತಕರಾರು ಹೇಳಬಹುದು, ಮೂವತ್ತು ದಿನಗಳೊಳಗೆ ಅದು ಪುಟಸಂಖ್ಯೆ ಇರುವ ಪುಸ್ತಕ ಸೇರಬೇಕು. ನನ್ನ ಲೆಕ್ಕದಲ್ಲಿ ಈ ಕರಡೇ ಕಾವಲುಗಾರ. ಸಭೆಗೆ ಬಾರದವರನ್ನು ಬಂದರೆಂದು ಬರೆದಿದ್ದರೆ, ಆ ಮಿಂಚಂಚೆ ಕೈಸೇರಿದ ದಿನವೇ ಅವರು ಫೋನ್ ಮಾಡುತ್ತಾರೆ, ಮೂರು ವರ್ಷ ಕಾಯುವುದಿಲ್ಲ. PAS-3ಕ್ಕೂ ಮೂವತ್ತು ದಿನಗಳ ಗಡುವು; ಕಳೆದರೆ ಹೆಚ್ಚುವರಿ ಶುಲ್ಕವಲ್ಲದೆ ದಿನಕ್ಕೆ ಸಾವಿರ ರೂಪಾಯಿಯಂತೆ ಒಂದು ಲಕ್ಷದವರೆಗೆ ದಂಡವಿದೆ. ಷೇರು ಪತ್ರಗಳನ್ನು ಎರಡು ತಿಂಗಳೊಳಗೆ ಕೊಡಬೇಕು. ನಿಮ್ಮದು ಕಾನೂನು ಹೇಳುವ ಸಣ್ಣ ಕಂಪನಿಯ ಮಿತಿಯನ್ನು ಮೀರಿದ್ದರೆ ಕಾಗದದ ಷೇರು ನಡೆಯುವುದಿಲ್ಲ, ಡಿಮ್ಯಾಟ್ ಆಗಬೇಕು. ಇದನ್ನು ಆಫರ್‌ಗಿಂತ ಮೊದಲೇ ವಿಚಾರಿಸಿಕೊಳ್ಳಿ.

ಆ ಕಂಪನಿಯ ಕಥೆ ಹೀಗೆ ಮುಗಿಯಿತು. ಹಳೆಯ ನಡಾವಳಿಯನ್ನು ಹರಿದು ಹೊಸದು ಬರೆದುಕೊಡಿ ಎಂದು ಅಣ್ಣ ಕೇಳಿದರು, ನಾನು ಒಪ್ಪಲಿಲ್ಲ. ನಡಾವಳಿ ತಿದ್ದಿದ್ದು ಸಾಬೀತಾದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ತಪ್ಪಿದ್ದ ಪುಟವನ್ನು ಹಾಗೆಯೇ ಉಳಿಸಿ, ವಿಧಿವತ್ತಾಗಿ ಕರೆದ ಹೊಸ ಸಭೆಯಲ್ಲಿ ನಿಜವಾಗಿ ನಡೆದುದನ್ನು ದಾಖಲಿಸಿದೆವು. ಮೂವರೂ ಬರೆದು ಒಪ್ಪಿದ ಮೇಲೆ ಅಣ್ಣ 1,500 ಷೇರುಗಳನ್ನು ಅದೇ ಬೆಲೆಗೆ SH-4 ಫಾರ್ಮಿನಲ್ಲಿ ತಮ್ಮನಿಗೆ ವರ್ಗಾಯಿಸಿದರು. ಪಾಲು ಪುನಃ 50, 30, 20 ಆಯಿತು. ರಿಜಿಸ್ಟರ್ ಇಡದ ತಪ್ಪಿಗೆ ಕಂಪನಿಗೆ 3 ಲಕ್ಷ, ಹೊಣೆಗಾರ ಅಧಿಕಾರಿಗೆ 50 ಸಾವಿರ ರೂಪಾಯಿ ದಂಡವೆಂದು ಕಾನೂನಿನಲ್ಲಿರುವುದರಿಂದ, ನಾವಾಗಿಯೇ ರಿಜಿಸ್ಟ್ರಾರರ ಮುಂದೆ ಹೋಗಿ ಅರ್ಜಿ ಕೊಟ್ಟೆವು. ಮೂವರೂ ಒಂದು ಮಾತಿಗೆ ಬಂದಿದ್ದರಿಂದ ಇಷ್ಟಕ್ಕೆ ನಿಂತಿತು. ತಮ್ಮ ಹಟ ಹಿಡಿದಿದ್ದರೆ ರಿಜಿಸ್ಟರ್ ತಿದ್ದುಪಡಿಗೆ ಕೊಚ್ಚಿಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅಲೆಯಬೇಕಿತ್ತು, ಅಲ್ಲಿ ಅಣ್ಣನ ಬಳಿ ಹೇಳಲು ಏನೂ ಇರುತ್ತಿರಲಿಲ್ಲ.

ನೀವು ಸೆಕ್ರೆಟರಿಯ ಬಳಿ ಹೋಗುವಾಗ ಮೆಮೊರಾಂಡಮ್, ನಡಾವಳಿ ಪುಸ್ತಕ, MGT-1 ಮತ್ತು ಹಿಂದಿನ ಸಲದ ಷೇರು ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು ಹೋಗಿ. ಅವರು ಮೊದಲು ಬೆರಳಿಟ್ಟು ನೋಡುವುದು ಆ ನಾಲ್ಕರಲ್ಲಿರುವ ತಾರೀಕುಗಳನ್ನು.