ಫೈನಾನ್ಸ್ ಹೆಡ್‌ಗೆ ಸಿಸಿ ಹಾಕುವ ಮೊದಲು ಬಿಲ್ ಎಲ್ಲಿ ನಿಂತಿದೆ ನೋಡಿ

ಪ್ರಶ್ನೆ: ಎರಡು ಸಲ ರಿಮೈಂಡರ್ ಕಳಿಸಿದರೂ ಪಾರ್ಟಿ ಪೇಮೆಂಟ್ ಹಾಕ್ತಿಲ್ಲ. ಮೂರನೇ ಮೇಲ್‌ನಲ್ಲಿ ಅವರ ಫೈನಾನ್ಸ್ ಹೆಡ್‌ಗೆ ಸಿಸಿ ಹಾಕಲಾ? ನಮ್ಮ ಮ್ಯಾನೇಜರ್‌ಗೂ ಹಾಕಬೇಕಾ?

ಎಷ್ಟನೇ ಮೇಲ್ ಅನ್ನೋದು ಲೆಕ್ಕಕ್ಕೇ ಬರಲ್ಲ. ಬಿಲ್ ಅವರ ಆಫೀಸಿನಲ್ಲಿ ಯಾರ ಮೇಜಿನ ಮೇಲೆ ಕೂತಿದೆ ಅನ್ನೋದಷ್ಟೇ ಲೆಕ್ಕ. ಅದನ್ನು ಕೇಳದೆ ಸಿಸಿ ಹಾಕಿ ನಾನು ಚೆನ್ನಾಗಿ ಅನುಭವಿಸಿದ್ದೇನೆ.

ನಾನು ಹಾಸನದಲ್ಲಿ ಒಂದು ಸಣ್ಣ ರಟ್ಟಿನ ಬಾಕ್ಸ್ ಫ್ಯಾಕ್ಟರಿಯ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಚಿಕ್ಕಮಗಳೂರಿನ ಒಂದು ಕಾಫಿ ಪುಡಿ ಕಂಪನಿಗೆ 2,000 ಬಾಕ್ಸ್ ಕಳಿಸಿದ್ದೆವು, ಒಂದಕ್ಕೆ 32 ರೂಪಾಯಿ, ಜಿಎಸ್‌ಟಿ ಬಿಟ್ಟು 64,000 ರೂಪಾಯಿ ಬಿಲ್. ಜುಲೈ ತಿಂಗಳು, ಬೇಲೂರು ದಾಟಿದ ಮೇಲೆ ಜೋರು ಮಳೆ, ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡು 150 ಬಾಕ್ಸ್ ನೆನೆದಿವೆ. ಅವರ ಸ್ಟೋರ್‌ನವರು 1,850 ಮಾತ್ರ ಒಳಗೆ ತೆಗೆದುಕೊಂಡು, ಅಷ್ಟಕ್ಕೇ ಜಿಆರ್‌ಎನ್ ಮಾಡಿದ್ದಾರೆ, ಅಂದರೆ ಸರಕು ಸ್ವೀಕರಿಸಿದ ಚೀಟಿ. ಡ್ರೈವರ್ ತಂದ ಚಲನ್ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದೂ ಇದ್ದರು. ನಾನು ಚಲನ್ ತಿರುಗಿಸಿ ನೋಡದೆ ಫೈಲ್ ಮಾಡಿದ್ದೆ.

ಡ್ಯೂ ಡೇಟ್ ದಾಟಿತು. ಅಲ್ಲಿ ಬಿಲ್ ಪಾಸ್ ಮಾಡುವ ಮೇಡಂ "ನೋಡ್ತೀನಿ ಸರ್" ಅಂದರು, ಆಮೇಲೆ ಫೋನ್ ಎತ್ತಲಿಲ್ಲ. ನನಗೆ ಸಿಟ್ಟು ಬಂತು. ಅವರ ಫೈನಾನ್ಸ್ ಹೆಡ್‌ಗೆ, ನಮ್ಮ ಓನರ್‌ಗೆ ಇಬ್ಬರಿಗೂ ಸಿಸಿ ಹಾಕಿ, "ಹಲವು ಬಾರಿ ಕೇಳಿದರೂ ಉತ್ತರವಿಲ್ಲ" ಎಂದು ಬರೆದೆ. ಫೈನಾನ್ಸ್ ಹೆಡ್ ಒಂದೇ ಸಾಲಿನಲ್ಲಿ ಆ ಮೇಡಂಗೆ "ಏನಿದು?" ಎಂದು ಕೇಳಿದರು. ಮಧ್ಯಾಹ್ನದೊಳಗೆ ಎಲ್ಲರಿಗೂ ಉತ್ತರ ಬಂತು: ಜಿಆರ್‌ಎನ್ 1,850ಕ್ಕೆ, ಬಿಲ್ 2,000ಕ್ಕೆ, ಸಪ್ಲೈಯರ್ ಕ್ರೆಡಿಟ್ ನೋಟ್ ಕೊಟ್ಟಿಲ್ಲ, ಆದ್ದರಿಂದ ಹೋಲ್ಡ್.

ವ್ಯತ್ಯಾಸ ಬರೀ 4,800 ರೂಪಾಯಿ. ಆದರೆ ಫೈನಾನ್ಸ್ ಹೆಡ್ ಕಣ್ಣಿಗೆ ಬಿದ್ದ ಮೇಲೆ ಅದು ಅಲ್ಲಿಗೆ ನಿಲ್ಲಲ್ಲ. ನಮ್ಮ ಪೂರ್ತಿ ಲೆಡ್ಜರ್ ತಾಳೆ ಮಾಡಿಸಿ ಅಂದರು, ಅದು ಮುಗಿಯುವವರೆಗೆ ಏನೂ ತಕರಾರಿಲ್ಲದ ಬೇರೆ ಬಿಲ್‌ಗಳೂ ನಿಂತವು. ಮೇಡಂದು ತಪ್ಪು ಅನ್ನಲ್ಲ. ದೊಡ್ಡವರ ಮುಂದೆ ನಿಲ್ಲಿಸಿದರೆ ಯಾರಾದರೂ ಮೊದಲು ತಮ್ಮ ಕಾಗದ ಸರಿ ಇದೆ ಅಂತ ತೋರಿಸುತ್ತಾರೆ, ಅಲ್ವಾ? ಅದಕ್ಕೂ ಮೊದಲು ಸಣ್ಣಪುಟ್ಟ ವ್ಯತ್ಯಾಸಕ್ಕೆ ಅವರೇ ಫೋನ್ ಮಾಡಿ "ಸರ್, ಒಂದು ಕ್ರೆಡಿಟ್ ನೋಟ್ ಕಳಿಸಿಬಿಡಿ" ಅನ್ನುತ್ತಿದ್ದರು. ಆಮೇಲೆ ಎಲ್ಲವೂ ಮೇಲ್‌ನಲ್ಲೇ, ನಿಯಮದ ಪ್ರಕಾರವೇ.

ಜಿಆರ್‌ಎನ್, ಪಿಒ, ರೇಟ್ ಇವುಗಳಲ್ಲಿ ಯಾವುದೋ ಒಂದು ತಾಳೆಯಾಗದೆ ಬಿಲ್ ನಿಂತಿದ್ದರೆ ಫೈನಾನ್ಸ್ ಹೆಡ್ ಏನೂ ಮಾಡಲಾರರು. ಅಲ್ಲಿ ಬೇಕಾದವರು ಸ್ಟೋರ್‌ನವರು, ಇಲ್ಲವೇ ಆರ್ಡರ್ ಕೊಟ್ಟ ಪರ್ಚೇಸ್‌ನವರು. ಹಾಕುವುದಾದರೆ ಅವರಿಗೆ ಸಿಸಿ ಹಾಕಿ.

ಬಿಲ್ ಪಾಸಾಗಿ, ಇಂಥ ದಿನ ಹಾಕ್ತೀವಿ ಅಂತ ಅವರೇ ಮೇಲ್‌ನಲ್ಲಿ ಬರೆದು, ಆ ದಿನವೂ ದಾಟಿದ್ದರೆ ಮಾತು ಬೇರೆ. ಆಗ ದುಡ್ಡು ಬಿಡುವುದು ಕ್ಲರ್ಕ್ ಕೈಯಲ್ಲಿಲ್ಲ. ಆಗ ಸಿಸಿ ಹಾಕಿ, ಹಾಕುವ ಮುಂಚೆ ಆ ಕ್ಲರ್ಕ್‌ಗೆ ಒಂದು ಫೋನ್ ಮಾಡಿ, "ಮೇಡಂ, ನಿಮ್ಮ ಸರ್‌ನೂ ಸೇರಿಸ್ತಿದ್ದೀನಿ, ನಿಮ್ಮ ಕಡೆಯಿಂದ ಎಲ್ಲಾ ಆಗಿದೆ ಅಂತಲೇ ಬರೀತೀನಿ" ಅನ್ನಿ. ಹಾಗೇ ಬರೆಯಿರಿ ಕೂಡ. ಎಷ್ಟೋ ಸಲ ಅವರಿಗೂ ಅದೇ ಬೇಕಿರುತ್ತದೆ.

ಫೈನಾನ್ಸ್ ಹೆಡ್ ನಿಜಕ್ಕೂ ಕಿವಿಗೊಡುವುದು ಮಾರ್ಚ್ ಹತ್ತಿರ ಬಂದಾಗ. ನಿಮ್ಮದು ಉದ್ಯಮ್ ನೋಂದಣಿ ಇರುವ ಮೈಕ್ರೋ ಅಥವಾ ಸ್ಮಾಲ್ ತಯಾರಿಕಾ ಘಟಕವಾಗಿದ್ದರೆ, ಲಿಖಿತ ಒಪ್ಪಂದ ಇದ್ದಾಗ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಅವರು ದುಡ್ಡು ಕೊಡಬೇಕು. ಗಡುವು ದಾಟಿ, ಮಾರ್ಚ್ 31ರೊಳಗೂ ಕೊಡದಿದ್ದರೆ ಆ ಖರ್ಚನ್ನು ಅವರು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಅದು ಅವರ ತಲೆನೋವು, ಕ್ಲರ್ಕ್‌ದಲ್ಲ. ಫೆಬ್ರವರಿಯಲ್ಲೇ ಬಿಲ್ ನಂಬರ್, ಜಿಆರ್‌ಎನ್ ನಂಬರ್, ಉದ್ಯಮ್ ನಂಬರ್ ಮೂರನ್ನೂ ಹಾಕಿ ನೇರವಾಗಿ ಬರೆಯಿರಿ. ಸುಮ್ನೆ ಮರುಮಾರಾಟ ಮಾಡುವ ವ್ಯಾಪಾರಿಗಳಿಗೆ ಈ ಗಡುವು ಅನ್ವಯಿಸುವುದಿಲ್ಲ, ಹಾಗಾಗಿ ನಿಮ್ಮದು ಅಂಥ ವ್ಯಾಪಾರವಾದರೆ ಇದನ್ನು ಎತ್ತಲೇಬೇಡಿ.

ನಿಮ್ಮ ಮ್ಯಾನೇಜರ್‌ಗೆ ಸಿಸಿ ಯಾಕೆ? ನೀವು ಕೆಲಸ ಮಾಡ್ತಿದ್ದೀರಿ ಅಂತ ತೋರಿಸಲಿಕ್ಕಾದರೆ ಬೇಡ, ಸಂಜೆ ಬಾಯಲ್ಲಿ ಹೇಳಿ. ನಮ್ಮ ಓನರ್ ಆ ದಿನ ನಮ್ಮದೇ ನೆನೆದ ಬಾಕ್ಸ್ ಕಥೆಯನ್ನು ಮೊದಲ ಸಲ ಕೇಳಿದ್ದು ಗಿರಾಕಿಯ ಮೇಲ್‌ನಿಂದ.

ನಾಳೆ ಬೆಳಿಗ್ಗೆ ಅವರ ಸ್ಟೋರ್‌ಗೆ ಫೋನ್ ಮಾಡಿ ಜಿಆರ್‌ಎನ್ ನಂಬರ್, ಅದರಲ್ಲಿರುವ ಕ್ವಾಂಟಿಟಿ ಎರಡನ್ನೂ ಕೇಳಿ ಬರೆದುಕೊಳ್ಳಿ. ನಿಮ್ಮ ಬಿಲ್ ಜೊತೆ ತಾಳೆಯಾದರೆ ಮೂರನೇ ಮೇಲ್ ಕಳಿಸಿ.